ಯಾವ ಸ್ಟೇಷನ್‌ಗೆ ಬರಲಿ?

ಬೆಂಗಳೂರಿಗೆ ರೈಲಲ್ಲಿ ಬರುವ ನೆಂಟರು ಯಾವತ್ತೂ ಒಂದು ಸ್ಟೇಷನ್‌ಗೆ ಬರುವುದಿಲ್ಲ. ‘ಬೆಂಗಳೂರಿಗೆ’ ಬರುತ್ತಾರೆ. ಕರೆದುಕೊಂಡು ಬರಲು ಹೋಗಬೇಕಾದವರು ಯಾವ ಬೆಂಗಳೂರು ಎಂದು ಕೇಳಿದರೆ ಅದನ್ನು ಉದ್ಧಟತನ ಎಂದುಕೊಳ್ಳುತ್ತಾರೆ. ಆದರೆ ಚೆನ್ನೈ ಕಡೆಯಿಂದ ಬರುವ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಮೊದಲು ಕೆ.ಆರ್. ಪುರದಲ್ಲಿ, ಆಮೇಲೆ ಕಂಟೋನ್ಮೆಂಟ್‌ನಲ್ಲಿ ನಿಂತು, ಕೊನೆಗೆ ಮೆಜೆಸ್ಟಿಕ್ ಸೇರುತ್ತದೆ. ಟಿಕೆಟ್ಟಿನಲ್ಲಿ ಇವು KJM, BNC, SBC. ಮೆಜೆಸ್ಟಿಕ್ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನವರ ಹೆಸರು ಬಂದು ವರ್ಷಗಳಾದವು. ನಮ್ಮ ಮನೆಯ ಹಿರಿಯರ ಬಾಯಲ್ಲಿ ಅದು ಈಗಲೂ ‘ಸಿಟಿ’. ಹಾಗಾದರೆ ಮಿಕ್ಕವೆಲ್ಲ ಹಳ್ಳಿ ಎಂದು ಅವರ ಲೆಕ್ಕ.

ನಮ್ಮ ದೊಡ್ಡಪ್ಪನ ಮನೆ ಮಹದೇವಪುರದಲ್ಲಿ. ಕೆ.ಆರ್. ಪುರ ಸ್ಟೇಷನ್‌ನಲ್ಲಿ ಇಳಿದರೆ ಒಂದು ಸಣ್ಣ ಆಟೋ ದೂರ. ಮೊನ್ನೆ ಚೆನ್ನೈಯಿಂದ ಹಿಂತಿರುಗುವಾಗ ರೈಲು ಕೆ.ಆರ್. ಪುರದಲ್ಲಿ ನಿಂತಿತು. ದೊಡ್ಡಮ್ಮ ಚೀಲ ಹಿಡಿದು ಎದ್ದರು.

“ಕೂತ್ಕೊಳೇ. ಸಿಟಿವರೆಗೂ ದುಡ್ಡು ಕೊಟ್ಟಿದೀನಿ.”

“ಮನೆ ಇಲ್ಲೇ ಇದೆಯಲ್ಲಾಂದ್ರೆ!”

“ಇದ್ರೆ? ರೈಲ್ವೆಯೋರಿಗೆ ಪುಕ್ಕಟೆ ಬಿಟ್ಕೊಡ್ಲಾ?”

ಟಿಕೆಟ್ ಎಲ್ಲಿಯವರೆಗೆ ಇದ್ದರೂ ಮುಂಚಿನ ನಿಲ್ದಾಣದಲ್ಲಿ ಇಳಿಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮಿಕ್ಕ ದೂರದ ದುಡ್ಡು ವಾಪಸ್ ಬರುವುದಿಲ್ಲ, ಅಷ್ಟೆ. ದೊಡ್ಡಪ್ಪ ಆ ಅಷ್ಟನ್ನೂ ಬಿಡುವ ಆಸಾಮಿಯಲ್ಲ. ರೈಲು ಕಂಟೋನ್ಮೆಂಟ್ ದಾಟಿತು. ಅಲ್ಲಿಂದ ಮೆಜೆಸ್ಟಿಕ್‌ಗೆ ನಾಲ್ಕೈದು ಕಿಲೋಮೀಟರ್. ದೊಡ್ಡಪ್ಪ ಚಪ್ಪಲಿ ಹಾಕಿಕೊಂಡು, ಸೂಟ್‌ಕೇಸ್ ಎಳೆದುಕೊಂಡು ಬಾಗಿಲ ಹತ್ತಿರ ಹೋಗಿ ನಿಂತರು. ರೈಲೂ ನಿಂತಿತು. ಔಟರ್‌ನಲ್ಲಿ.

ನಿಲ್ದಾಣದ ಹೊರಗೆ ಸಿಗ್ನಲ್ಲಿಗೆ ಕಾಯುವ ಈ ಔಟರ್ ಎಂದರೆ ಬೆಂಗಳೂರಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಿಟಕಿಯಲ್ಲಿ ಯಾರದೋ ಮನೆಯ ತಾರಸಿ, ಒಣಹಾಕಿದ ಪಂಚೆ, ತುಳಸಿ ಕುಂಡ ಎಲ್ಲ ಕಾಣುತ್ತಿರುತ್ತದೆ. ಬೋಗಿಯ ಅರ್ಧ ಜನ ಬಾಗಿಲಲ್ಲಿ ಸಾಲುಗಟ್ಟಿರುತ್ತಾರೆ. ಕೂತವರು ನಿಂತವರನ್ನು ನೋಡಿ ಒಳಗೊಳಗೇ ನಗುತ್ತಿರುತ್ತಾರೆ.

ಇದು ಬರೀ ಸಿಗ್ನಲ್ಲಿನ ಹಣೆಬರಹವಲ್ಲ, ವೇಳಾಪಟ್ಟಿಯಲ್ಲೇ ಇದಕ್ಕೆ ಜಾಗ ಮಾಡಿಟ್ಟಿದ್ದಾರೆ. ಬೆಳಿಗ್ಗೆ ಮೆಜೆಸ್ಟಿಕ್‌ನಿಂದ ಹೊರಡುವ ರೈಲು ಕಂಟೋನ್ಮೆಂಟ್ ಮುಟ್ಟಲು ಹತ್ತು ನಿಮಿಷದ ಆಸುಪಾಸು ತೆಗೆದುಕೊಳ್ಳುತ್ತದೆ. ಅದೇ ಹಳಿಯಲ್ಲಿ, ಅಷ್ಟೇ ದೂರವನ್ನು ಸಂಜೆ ವಾಪಸ್ ಬರುವಾಗ ಪಟ್ಟಿಯಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ ತೋರಿಸಿರುತ್ತಾರೆ. ದಾರಿಯಲ್ಲಿ ತಡವಾದದ್ದನ್ನು ಸರಿದೂಗಿಸಲು ಕೊನೆಯ ನಿಲ್ದಾಣದ ಮುಂಚೆ ಹೀಗೆ ಹೆಚ್ಚಿನ ಹೊತ್ತು ಸೇರಿಸುವುದು ರೈಲ್ವೆಯ ಹಳೇ ಪದ್ಧತಿ. ಕಂಟೋನ್ಮೆಂಟ್‌ಗೆ ಇಪ್ಪತ್ತು ನಿಮಿಷ ತಡವಾಗಿ ಬಂದ ರೈಲು ಮೆಜೆಸ್ಟಿಕ್‌ಗೆ ‘ಸರಿಯಾದ ಸಮಯಕ್ಕೆ’ ಬರುವ ಚಮತ್ಕಾರ ಇದೇ. ದಾರಿಯಲ್ಲಿ ತಡವೇ ಆಗದ ರೈಲು, ಪ್ಲಾಟ್‌ಫಾರಂ ಖಾಲಿ ಇಲ್ಲದಿದ್ದರೆ, ಆ ಉಳಿದ ಹೊತ್ತನ್ನು ಔಟರ್‌ನಲ್ಲಿ ಕಳೆಯುತ್ತದೆ. ನೀವು ಹತ್ತುವ ರೈಲಿನಲ್ಲೂ ಇದನ್ನು ಪತ್ತೆಹಚ್ಚಬಹುದು. ಹೋಗುವ ರೈಲು, ಬರುವ ರೈಲು ಎರಡರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಕೊನೆಯ ಎರಡು ನಿಲ್ದಾಣಗಳ ನಡುವಿನ ಹೊತ್ತು ನೋಡಿ. ಒಂದು ಕಡೆ ಹತ್ತು, ಇನ್ನೊಂದು ಕಡೆ ಮೂವತ್ತು ಇದ್ದರೆ ಆ ಇಪ್ಪತ್ತು ನಿಮಿಷ ತಾರಸಿ ನೋಡುವುದಕ್ಕೆ. ಬೆಂಗಳೂರಿನಲ್ಲಿ ಮುಗಿಯದೆ ಮೈಸೂರಿಗೆ ಮುಂದುವರಿಯುವ ರೈಲಾದರೆ ಈ ಹೊತ್ತನ್ನು ಹೆಚ್ಚಾಗಿ ಮೈಸೂರಿನ ಹತ್ತಿರ ಇಟ್ಟಿರುತ್ತಾರೆ. ಆ ತಾರಸಿಗಳನ್ನು ಮೈಸೂರಿನವರೇ ನೋಡಿಕೊಳ್ಳಲಿ.

ದೊಡ್ಡಪ್ಪ ಕೊನೆಗೂ ಸಿಟಿಯಲ್ಲಿ ಇಳಿದರು. ಕೊಟ್ಟ ದುಡ್ಡು ಪೂರ್ತಿ ವಸೂಲಾಯಿತು. ಆಮೇಲೆ ಸೂಟ್‌ಕೇಸ್ ಎತ್ತಿಕೊಂಡು ಮೇಲ್ಸೇತುವೆ ಹತ್ತಿ ಇಳಿದು, ನೇರಳೆ ಮಾರ್ಗದ ಮೆಟ್ರೋ ಹಿಡಿದು, ಮತ್ತೆ ಟಿಕೆಟ್ ತೆಗೆದುಕೊಂಡು, ಮುಕ್ಕಾಲು ಗಂಟೆ ಪ್ರಯಾಣ ಮಾಡಿ ಇಳಿದದ್ದು ಕೆ.ಆರ್. ಪುರ ಮೆಟ್ರೋ ನಿಲ್ದಾಣದಲ್ಲಿ. ಪಕ್ಕದಲ್ಲೇ ರೈಲ್ವೆ ಸ್ಟೇಷನ್. ದೊಡ್ಡಮ್ಮ ಅದನ್ನು ಒಮ್ಮೆ ನೋಡಿದರು, ಗಂಡನನ್ನು ಒಮ್ಮೆ ನೋಡಿದರು. ಮನೆ ಮುಟ್ಟುವವರೆಗೆ ಮಾತಿಲ್ಲ.

ಹಾಗಂತ ಯಾವಾಗಲೂ ಮೊದಲ ಸ್ಟೇಷನ್‌ನಲ್ಲೇ ಧುಮುಕಬೇಕು ಅಂತಲ್ಲ. ರಾತ್ರಿ ಎರಡೂವರೆಗೆ ಕೆ.ಆರ್. ಪುರದಲ್ಲಿ ಇಳಿದರೆ ಮೆಟ್ರೋ ಇರುವುದಿಲ್ಲ, ಆಟೋದವರು ಹೇಳುವ ಬಾಡಿಗೆಯಲ್ಲಿ ವಾಪಸ್ ಚೆನ್ನೈಗೇ ಹೋಗಿಬರಬಹುದು. ಮೆಜೆಸ್ಟಿಕ್‌ನಲ್ಲಾದರೆ ಬೆಳಕು ಹರಿಯುವವರೆಗೆ ಕೂರಲು ಜಾಗ, ಜನ, ಕಾಫಿ ಇವೆ, ಎದುರಿಗೇ ಬಸ್ ನಿಲ್ದಾಣ. ಕಂಟೋನ್ಮೆಂಟನ್ನು ಹೊಸದಾಗಿ ಕಟ್ಟುವ ಕೆಲಸ ನಡೆಯುವಾಗ 2024ರಲ್ಲಿ ಎಷ್ಟೋ ರೈಲುಗಳ ನಿಲುಗಡೆಯನ್ನೇ ಅಲ್ಲಿ ಕೆಲಕಾಲ ತೆಗೆದಿದ್ದರು. ಹೋದ ಸಲ ನಿಂತಿತ್ತಲ್ಲ ಎನ್ನುವ ಧೈರ್ಯವೂ ಕೆಲಸಕ್ಕೆ ಬಾರದು.

ಇಳಿಯುವಾಗ ಇರುವ ಸ್ವಾತಂತ್ರ್ಯ ಹತ್ತುವಾಗ ಇಲ್ಲ. ಇದು ನಮ್ಮ ತಮ್ಮನಿಗೆ ತಿಳಿದದ್ದು ಚೆನ್ನೈಗೆ ಹೋಗುವಾಗ. ಟಿಕೆಟ್ SBCಯಿಂದ, ರೂಮು ಕೆ.ಆರ್. ಪುರದಲ್ಲಿ. ಹೇಗೂ ಅಲ್ಲೂ ನಿಲ್ಲುತ್ತದಲ್ಲ ಎಂದು ನಿಧಾನವಾಗಿ ಇಡ್ಲಿ ತಿಂದು ಅಲ್ಲೇ ಹತ್ತಿದ. ಅವನ ಸೀಟಿನಲ್ಲಿ ಒಬ್ಬ ಯಜಮಾನರು ಬಾಳೆಎಲೆ ಬಿಚ್ಚಿ ಪುಳಿಯೋಗರೆ ಶುರುಮಾಡಿದ್ದರು. ಮೆಜೆಸ್ಟಿಕ್‌ನಲ್ಲಿ ಹತ್ತಬೇಕಾದವರು ಹತ್ತದಿದ್ದರೆ ಟಿಟಿಇ ‘ಪ್ರಯಾಣಿಕರು ಬರಲಿಲ್ಲ’ ಎಂದು ಗುರುತು ಹಾಕಿ, ಆ ಸೀಟನ್ನು ಕಾಯುತ್ತಿರುವವರಿಗೆ ಕೊಡಬಹುದು. ಯಜಮಾನರದು ನ್ಯಾಯವಾಗಿ ಸಿಕ್ಕಿದ ಸೀಟು, ಜೊತೆಗೆ ಪುಳಿಯೋಗರೆ ಬೇರೆ. ಟಿಕೆಟ್ಟಿನಲ್ಲಿ Booked From ಅಂತ ಒಂದಿರುತ್ತದೆ, Boarding At ಅಂತ ಇನ್ನೊಂದು. ಎರಡನೆಯದನ್ನು ಚಾರ್ಟ್ ಆಗುವ ಮುಂಚೆಯೇ, ಬೇಗ ಬದಲಾಯಿಸಿಕೊಂಡರೆ ಈ ರಗಳೆ ಇಲ್ಲ. ಆದರೆ ಒಮ್ಮೆ ಬದಲಾಯಿಸಿದ ಮೇಲೆ, ಅಯ್ಯೋ ಇವತ್ತು ಮೆಜೆಸ್ಟಿಕ್ ಕಡೆಯೇ ಇದೀನಿ ಎಂದು ಅಲ್ಲಿ ಹತ್ತುವ ಹಕ್ಕು ಉಳಿಯುವುದಿಲ್ಲ.

ಈ ಕಥೆ ಕೇಳಿದ ಮೇಲೆ ನಮ್ಮ ಚಿಕ್ಕಮ್ಮ ಯಾವ ಉಸಾಬರಿಯೂ ಬೇಡ, ರೈಲು ಹೊರಡುವ ಕಡೆಯೇ ಹತ್ತಿಬಿಡುತ್ತೇನೆ ಎಂದು ತೀರ್ಮಾನಿಸಿದರು. ಅವರ ಮನೆ ಯಶವಂತಪುರದಲ್ಲಿ. ಹುಬ್ಬಳ್ಳಿಗೆ ಹೋಗುವ ರೈಲು, ಹೊರಡುವುದು SMVBಯಿಂದ, ಅಂದರೆ ಬೈಯಪ್ಪನಹಳ್ಳಿಯಲ್ಲಿ 2022ರಲ್ಲಿ ಶುರುವಾದ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ. ಚಿಕ್ಕಮ್ಮ ಹಸಿರು ಮಾರ್ಗ ಹಿಡಿದು, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ, ಊರನ್ನು ಅಡ್ಡಡ್ಡ ದಾಟಿ ಬೈಯಪ್ಪನಹಳ್ಳಿ ಮೆಟ್ರೋದಲ್ಲಿ ಇಳಿದರು. ಪಕ್ಕದಲ್ಲೇ ಬೈಯಪ್ಪನಹಳ್ಳಿ ರೈಲ್ವೆ ಸ್ಟೇಷನ್ ಎಂಬ ಬೋರ್ಡ್. ನಿರಾಳವಾಗಿ ಹೋಗಿ ಬೆಂಚಿನ ಮೇಲೆ ಕೂತರು. ಅದು BYPL, ಹಳೇ ಸಣ್ಣ ಸ್ಟೇಷನ್. ಟರ್ಮಿನಲ್ ಅಲ್ಲಿಂದ ಕೆಲವು ಕಿಲೋಮೀಟರ್ ಆಚೆ. ಪುಣ್ಯಕ್ಕೆ ಪಕ್ಕದಲ್ಲಿ ಕೂತ ಹುಡುಗಿ ಟಿಕೆಟ್ ನೋಡಿ ಹೇಳಿದಳು. ಆಟೋ, ಟ್ರಾಫಿಕ್, ವಿಮಾನ ನಿಲ್ದಾಣದಂಥ ಆ ಕಟ್ಟಡದಲ್ಲಿ ಓಟ, ಎಲ್ಲ ಮುಗಿಸಿ ಚಿಕ್ಕಮ್ಮ ಬೆವರು ಒರೆಸಿಕೊಂಡು ಕೂರುವಷ್ಟರಲ್ಲಿ ರೈಲು ಹೊರಟಿತು.

ಸ್ವಲ್ಪ ಹೊತ್ತಿಗೆ ಯಶವಂತಪುರ ಬಂತು. ಎದುರು ಮನೆಯ ಸರೋಜಮ್ಮ, ಇಸ್ತ್ರಿ ಮಾಡಿದ ಸೀರೆ, ಮುಡಿಗೆ ಮಲ್ಲಿಗೆ, ಕೈಯಲ್ಲಿ ಕಾಫಿ ಫ್ಲಾಸ್ಕು, ಅದೇ ಬೋಗಿ ಹತ್ತಿ ಎದುರಿಗೇ ಬಂದು ಕೂತರು.

“ಅಯ್ಯೋ, ನೀವೂ ಇದೇ ರೈಲಾ? ಮಧ್ಯಾಹ್ನವೇ ಬ್ಯಾಗ್ ಹಿಡ್ಕೊಂಡು ಹೊರಟಿದ್ರಲ್ಲ, ಎಲ್ಲೋ ದೂರ ಹೋಗ್ತಿದೀರಿ ಅಂದ್ಕೊಂಡೆ!”