ದಿನಕ್ಕೆ ಎರಡೇ ಎರಡು, ಮೂರನೆಯದಕ್ಕೆ ನಾವು ಹೊಣೆಯಲ್ಲ

ಕಹಿ ಏಪ್ರಿಕಾಟ್ ಬೀಜದ ಪೊಟ್ಟಣವನ್ನು ಓದುವ ಸುಖವೇ ಬೇರೆ. ಮುಂಭಾಗದಲ್ಲಿ ಹಸಿರು ಎಲೆಯ ಚಿತ್ರ, ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ಘೋಷಣೆ, ಅದರ ಕೆಳಗೆ ‘ವಿಟಮಿನ್ ಬಿ17 ಸಮೃದ್ಧ’ ಎಂಬ ಬಿರುದು. ತಿರುಗಿಸಿ ಹಿಂಭಾಗವನ್ನು ನೋಡಿದರೆ, ಇರುವೆಗೂ ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಸಾಲು: ದಿನಕ್ಕೆ ಎರಡಕ್ಕಿಂತ ಹೆಚ್ಚು ತಿನ್ನಬೇಡಿ, ಗರ್ಭಿಣಿಯರಿಗೂ ಮಕ್ಕಳಿಗೂ ಕೊಡಬೇಡಿ. ಪೊಟ್ಟಣದ ತೂಕ ಅರ್ಧ ಕಿಲೋ. ಒಂದು ಬೀಜ ಅರ್ಧ ಗ್ರಾಂ ತೂಗುತ್ತದೆ ಎಂದುಕೊಂಡರೆ ಒಳಗೆ ಸಾವಿರ ಬೀಜಗಳಿವೆ. ದಿನಕ್ಕೆ ಎರಡರಂತೆ ತಿನ್ನುತ್ತ ಹೋದರೆ ಐನೂರು ದಿನ ಬೇಕು. ಒಂದು ಹಿಡಿ ಬಾಯಿಗೆ ಹಾಕಿಕೊಂಡು ಟೀವಿ ನೋಡುವ ಮನುಷ್ಯಜಾತಿಯ ಸಂಯಮದ ಮೇಲೆ ವ್ಯಾಪಾರಿಗೆ ಇರುವ ಈ ವಿಶ್ವಾಸ ಋಷಿಮುನಿಗಳಿಗೂ ಇದ್ದಿರಲಾರದು.

ತಿಂಡಿ ಎಂದು ಮಾರುವ ಪದಾರ್ಥಕ್ಕೆ ಗುಳಿಗೆಯ ಲೆಕ್ಕ ಏಕೆ ಎಂದು ಕೇಳುವ ತರಲೆಗಳಿಗೆ ಉತ್ತರ ಅಮಿಗ್ಡಲಿನ್ ಎಂಬ ವಸ್ತುವಿನಲ್ಲಿದೆ. ಕಹಿ ಬಾದಾಮಿಗೂ ಕಹಿ ಏಪ್ರಿಕಾಟ್ ಬೀಜಕ್ಕೂ ಆ ಕಹಿಯನ್ನು ಕೊಡುವುದು ಅದೇ. ಫ್ರಾನ್ಸಿನ ರೊಬಿಕೆ ಮತ್ತು ಬುಟ್ರೋನ್ ಎಂಬ ರಸಾಯನತಜ್ಞರು ಅದನ್ನು 1830ರಲ್ಲಿಯೇ ಕಹಿ ಬಾದಾಮಿಯಿಂದ ಬೇರ್ಪಡಿಸಿದ್ದರು. ಏಳು ವರ್ಷಗಳ ಬಳಿಕ ಲೀಬಿಗ್ ಮತ್ತು ವೋಲರ್ ಅದು ಒಡೆದಾಗ ಏನಾಗುತ್ತದೆ ಎಂಬುದನ್ನೂ ತೋರಿಸಿಕೊಟ್ಟರು: ಒಂದಿಷ್ಟು ಸಕ್ಕರೆ, ಬಾದಾಮಿಯ ಪರಿಮಳ ಬೀರುವ ಬೆಂಜಾಲ್ಡಿಹೈಡ್, ಜೊತೆಗೆ ಹೈಡ್ರೋಜನ್ ಸಯನೈಡ್. ಇದು ನಿನ್ನೆ ಮೊನ್ನೆಯ ಸಂಶೋಧನೆಯಲ್ಲ. ಪೊಟ್ಟಣದ ಮುಂಭಾಗಕ್ಕೆ ಬರಲು ಈ ಸುದ್ದಿಗೆ ಸುಮಾರು ಇನ್ನೂರು ವರ್ಷ ಸಾಕಾಗಲಿಲ್ಲ, ಅಷ್ಟೇ.

ಅಮಿಗ್ಡಲಿನ್ ತನ್ನಷ್ಟಕ್ಕೆ ತಾನು ಸಾಧು. ಅದನ್ನು ಒಡೆಯುವ ಕಿಣ್ವಗಳೂ ಅದೇ ಬೀಜದಲ್ಲಿಯೇ ಇರುತ್ತವೆ, ಆದರೆ ಬೇರೆ ಕಡೆ. ಸಿಡಿಮದ್ದನ್ನು ಒಂದು ಕೋಣೆಯಲ್ಲಿಯೂ ಬೆಂಕಿಪೊಟ್ಟಣವನ್ನು ಇನ್ನೊಂದು ಕೋಣೆಯಲ್ಲಿಯೂ ಇಡುವ ಜಾಣತನ ಗಿಡದ್ದು. ಯಾರಾದರೂ ಬೀಜವನ್ನು ಅಗಿದರೆ ಗೋಡೆ ಒಡೆದು ಎರಡೂ ಸೇರುತ್ತವೆ. ಹಣ್ಣಿನ ತಿರುಳನ್ನು ಸಿಹಿಯಾಗಿ ಮಾಡಿ ‘ಇದನ್ನು ತಿನ್ನಿ’ ಎಂದಿರುವ ಮರ, ಬೀಜಕ್ಕೆ ಕಲ್ಲಿನಂಥ ಕವಚ ತೊಡಿಸಿ, ಒಳಗೆ ಕಹಿ ತುಂಬಿ, ‘ಇದನ್ನು ಬಿಟ್ಟುಬಿಡಿ, ನನಗೂ ವಂಶ ಬೆಳೆಯಬೇಕು’ ಎಂದಿದೆ. ನಾವು ಸುತ್ತಿಗೆ ತಂದು ಆ ಕವಚವನ್ನು ಒಡೆದು, ಕಹಿಯನ್ನು ಸಹಿಸಿಕೊಂಡು, ಚೆನ್ನಾಗಿ ಅಗಿದು, ಪ್ರಕೃತಿಯ ಮಾತಿಗೆ ಕಿವಿಗೊಟ್ಟೆವೆಂದು ಎದೆ ತಟ್ಟಿಕೊಳ್ಳುತ್ತೇವೆ. ಅಚಾತುರ್ಯದಿಂದ ಓಟೆಯನ್ನು ಇಡಿಯಾಗಿ ನುಂಗಿದ ಮಗುವಿನ ಹೊಟ್ಟೆಯಿಂದ ಅದು ವಿಷ ಬಿಡದೆ ಹಾಗೆಯೇ ಹೊರಬರುತ್ತದೆ. ಅಪಾಯ ಇರುವುದು ಶ್ರದ್ಧೆಯಿಂದ ಅಗಿಯುವ ಆರೋಗ್ಯಪ್ರಿಯರಿಗೆ.

ಈಗ ಒಂದಿಷ್ಟು ಲೆಕ್ಕ. ಪೊಟ್ಟಣದ ಅಭಿಮಾನಿಗಳಿಗೆ ಲೆಕ್ಕವೆಂದರೆ ಅಲರ್ಜಿ, ಆದರೂ ಗುಣಾಕಾರದಿಂದ ಯಾರೂ ಸತ್ತಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಈ ಬೀಜಗಳನ್ನು ಪರಿಶೀಲಿಸಿ, ಒಂದು ಸಲಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 20 ಮೈಕ್ರೋಗ್ರಾಂ ಸಯನೈಡಿನವರೆಗೆ ಮಾತ್ರ ಸುರಕ್ಷಿತ ಎಂದಿತು. 60 ಕಿಲೋ ತೂಗುವವರಿಗೆ ಇದು 1.2 ಮಿಲಿಗ್ರಾಂ. ಒಂದು ಗ್ರಾಂ ಬೀಜದಲ್ಲಿ ಮೂರು ಮಿಲಿಗ್ರಾಂ ಸಯನೈಡ್ ಬಿಡುವಷ್ಟು ಕಹಿ ಇದೆ ಎಂದುಕೊಳ್ಳೋಣ. ಇದು ಮೇಲ್ಮಟ್ಟದ ಕಹಿ, ಆದರೆ ಅಪರೂಪದ ಕಟ್ಟುಕಥೆಯಲ್ಲ. ಅರ್ಧ ಗ್ರಾಮಿನ ಒಂದೇ ಬೀಜ ಒಂದೂವರೆ ಮಿಲಿಗ್ರಾಂ ಬಿಡುತ್ತದೆ. ಅಂದರೆ ಪೊಟ್ಟಣದವರು ಉದಾರವಾಗಿ ಅನುಮತಿಸಿದ ಎರಡರಲ್ಲಿ ಮೊದಲನೆಯದಕ್ಕೇ ಮಿತಿ ದಾಟಿಹೋಯಿತು.

ಮಿತಿ ದಾಟಿದವರೆಲ್ಲ ಅಲ್ಲಿಯೇ ಉರುಳುವುದಿಲ್ಲ, ನಿಜ. ಪ್ರಾಣಕ್ಕೆ ಎರವಾಗುವ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ ಅರ್ಧ ಮಿಲಿಗ್ರಾಮಿನಿಂದ ಶುರುವಾಗುತ್ತದೆ. ಅದೇ 60 ಕಿಲೋ ಮನುಷ್ಯನಿಗೆ 30 ಮಿಲಿಗ್ರಾಂ, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಬೀಜ. 12 ಕಿಲೋ ತೂಗುವ ಮಗುವಿಗೆ ಆರು ಮಿಲಿಗ್ರಾಂ, ಅಂದರೆ ನಾಲ್ಕು ಬೀಜ. ಈ ಒಂದು ಸಾಲನ್ನು ಮಾತ್ರ ನಗದೆ ಓದಿದರೆ ಒಳ್ಳೆಯದು.

ಇಪ್ಪತ್ತು ಬೀಜವನ್ನು ಯಾರು ತಿನ್ನುತ್ತಾರೆ ಎನ್ನಬೇಡಿ. ಅಮೆರಿಕದ ವೈದ್ಯರು 1998ರಲ್ಲಿ ಪ್ರಕಟಿಸಿದ ಪ್ರಕರಣವೊಂದಿದೆ. 41 ವರ್ಷದ ಮಹಿಳೆ ಆರೋಗ್ಯಾಹಾರದ ಅಂಗಡಿಯಿಂದ ತಂದ ಏಪ್ರಿಕಾಟ್ ಬೀಜಗಳಲ್ಲಿ ಸುಮಾರು ಮೂವತ್ತನ್ನು ತಿಂದರು. ಇಪ್ಪತ್ತು ನಿಮಿಷಗಳಲ್ಲಿ ನಿಶ್ಶಕ್ತಿ, ಉಸಿರಾಟಕ್ಕೆ ತೊಂದರೆ. ಅವರು ಸಿಕ್ಕಾಗ ಪ್ರಜ್ಞೆ ಇರಲಿಲ್ಲ, ಮೈ ತಣ್ಣಗಾಗಿತ್ತು. ಸಯನೈಡಿಗೆ ಕೊಡುವ ಪ್ರತಿವಿಷವನ್ನು ಕೊಟ್ಟಾಗ ಬದುಕಿಕೊಂಡರು. ಅವರು ಕದ್ದುಮುಚ್ಚಿ ವಿಷ ಕೊಂಡವರಲ್ಲ. ಆರೋಗ್ಯಕ್ಕೆಂದೇ ಇರುವ ಅಂಗಡಿಗೆ ಹೋಗಿ, ಹಣ ಕೊಟ್ಟು, ತಿಂಡಿ ತಂದವರು.

ಇಲ್ಲಿ ದೇಹದೊಳಗೆ ನಡೆಯುವುದು ವಿಚಿತ್ರವಾದ ಉಪವಾಸ. ಸಯನೈಡ್ ಜೀವಕೋಶದೊಳಗೆ ಹೊಕ್ಕು, ಆಮ್ಲಜನಕವನ್ನು ಬಳಸಿಕೊಳ್ಳುವ ಕೊನೆಯ ಕಿಣ್ವವನ್ನು ಕಚ್ಚಿ ಹಿಡಿಯುತ್ತದೆ. ಶ್ವಾಸಕೋಶ ಗಾಳಿ ಎಳೆಯುತ್ತದೆ, ರಕ್ತ ಆಮ್ಲಜನಕವನ್ನು ಹೊತ್ತು ತರುತ್ತದೆ, ಜೀವಕೋಶ ಮಾತ್ರ ಬಡಿಸಿದ ಎಲೆಯನ್ನು ಮುಟ್ಟಲಾರದೆ ಕೂರುತ್ತದೆ. ಯಾರೂ ಬಳಸದ ಆಮ್ಲಜನಕ ಹಾಗೆಯೇ ಹಿಂದಿರುಗುವುದರಿಂದ ಅಭಿಧಮನಿಯ ರಕ್ತವೂ ಹೊಳೆಯುವ ಕೆಂಪಾಗಿ ಕಾಣುವುದುಂಟು. ಶುರುವಿನಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ, ದಿಗಿಲು, ಏದುಸಿರು. ಬಳಿಕ ಗೊಂದಲ, ಕುಸಿತ.

‘ನಮ್ಮ ಚಿಕ್ಕಪ್ಪ ದಿನಾ ನಾಲ್ಕು ತಿನ್ನುತ್ತಾರೆ, ಗುಂಡುಕಲ್ಲಿನಂತಿದ್ದಾರೆ’ ಎಂಬ ಮಹಾಪ್ರಮಾಣ ಈ ಹಂತದಲ್ಲಿ ಬಂದೇ ಬರುತ್ತದೆ. ಚಿಕ್ಕಪ್ಪನವರ ಸಾಧನೆಗೆ ಕಾರಣವಿದೆ. ಯಕೃತ್ತಿನಲ್ಲಿರುವ ರೊಡನೀಸ್ ಎಂಬ ಕಿಣ್ವ ಸಯನೈಡಿಗೆ ಗಂಧಕವನ್ನು ಜೋಡಿಸಿ, ಅಷ್ಟೇನೂ ಅಪಾಯವಿಲ್ಲದ ಥಯೋಸಯನೇಟ್ ಆಗಿಸಿ ಮೂತ್ರದಲ್ಲಿ ಸಾಗಹಾಕುತ್ತದೆ. ಆದರೆ ಗಂಧಕದ ದಾಸ್ತಾನು ಅಕ್ಷಯಪಾತ್ರೆಯಲ್ಲ. ನಿಧಾನವಾಗಿ ಬಂದ ಅತಿಥಿಗಳನ್ನು ಅದು ಸಂಭಾಳಿಸುತ್ತದೆ, ದಿಬ್ಬಣವೇ ನುಗ್ಗಿದರೆ ಕೈಚೆಲ್ಲುತ್ತದೆ. ಅಲ್ಲದೆ ಚಿಕ್ಕಪ್ಪನವರ ಪೊಟ್ಟಣದ್ದು ಕಡಿಮೆ ಕಹಿಯ ತಳಿಯೂ ಆಗಿರಬಹುದು. ಸಿಹಿಯ ಏಪ್ರಿಕಾಟ್ ಬೀಜಗಳೂ ಇವೆ. ನೋಡುವುದಕ್ಕೆ ಎರಡೂ ಒಂದೇ. ಹಾಲಾಹಲವನ್ನು ಕುಡಿದು ಗಂಟಲಲ್ಲಿಯೇ ತಡೆದು ನಿಲ್ಲಿಸಿದವನು ಒಬ್ಬನಿದ್ದಾನೆ, ಚಿಕ್ಕಪ್ಪನವರು ಆ ವಂಶದವರೋ ಎಂಬುದನ್ನು ವಿಚಾರಿಸಬೇಕು.

ಹುರಿದರೆ ಸರಿಹೋಗುವುದಿಲ್ಲವೇ ಎಂದು ಕೇಳುವ ಪಾಕಶಾಸ್ತ್ರಜ್ಞರಿಗೂ ಪೂರ್ತಿ ಸಮಾಧಾನವಿಲ್ಲ. ಬಿಸಿಗೆ ಬೀಜದ ಕಿಣ್ವ ಕೆಡಬಹುದು, ಆದರೆ ಅಮಿಗ್ಡಲಿನ್ ಒಂದಷ್ಟು ಉಳಿದುಕೊಳ್ಳುತ್ತದೆ. ಅದನ್ನು ಒಡೆಯುವ ಇನ್ನೊಂದು ತಂಡ, ಅಂದರೆ ಬ್ಯಾಕ್ಟೀರಿಯಾಗಳು, ನಮ್ಮ ಕರುಳಿನಲ್ಲಿಯೇ ಠಿಕಾಣಿ ಹೂಡಿದೆ. ಕಾರ್ಖಾನೆಗಳಲ್ಲಿ ಬೀಜವನ್ನು ನೀರಿನಲ್ಲಿ ನೆನೆಸಿ, ಬೇಯಿಸಿ, ತೊಳೆದು ಕಹಿ ತೆಗೆಯುವ ಕ್ರಮವೇ ಬೇರೆ, ಬಾಣಲೆಯಲ್ಲಿ ಎರಡು ಸಲ ಕೈಯಾಡಿಸುವುದೇ ಬೇರೆ. ಇನ್ನು ಎಲ್ಲರೂ ತಿನ್ನುವ ಸಿಹಿ ಬಾದಾಮಿಯ ಮೇಲೆ ಅನುಮಾನ ಬೇಡ, ಅದರಲ್ಲಿ ಅಮಿಗ್ಡಲಿನ್ ಅತ್ಯಲ್ಪ. ಅಪರೂಪಕ್ಕೆ ಒಂದು ಕಹಿಯಾಗಿ ಸಿಕ್ಕರೆ ಉಗಿದುಬಿಡಿ. ನಾಲಿಗೆಯನ್ನು ಕೊಟ್ಟಿರುವುದು ಇದಕ್ಕೂ ಹೌದು.

ಬಿರುದಿನ ವಿಷಯಕ್ಕೆ ಬರೋಣ. ‘ವಿಟಮಿನ್ ಬಿ17’ ಎಂಬ ನಾಮಕರಣ ಮಾಡಿದವನು ಅಮೆರಿಕದ ಅರ್ನೆಸ್ಟ್ ಕ್ರೆಬ್ಸ್ ಜೂನಿಯರ್. ಅಮಿಗ್ಡಲಿನ್ನಿಗೆ ಹತ್ತಿರದ ಲೇಟ್ರಿಲ್ ಎಂಬುದನ್ನು ಕ್ಯಾನ್ಸರಿನ ಔಷಧವೆಂದು ಪ್ರಚಾರ ಮಾಡಿದಾತ. ವೈದ್ಯಪದವಿ ಆತನಿಗೆ ಇರಲಿಲ್ಲ. ಔಷಧವೆಂದರೆ ಸರಕಾರ ಪುರಾವೆ ಕೇಳುತ್ತದೆ, ವಿಟಮಿನ್ ಎಂದರೆ ಅಷ್ಟಾಗಿ ಕೇಳುವುದಿಲ್ಲ. ಹಾಗಾಗಿ ಔಷಧಕ್ಕೆ ವಿಟಮಿನ್ನಿನ ವೇಷ ಬಂತು. ವಿಟಮಿನ್ ಎನಿಸಿಕೊಳ್ಳಲು ಅದಿಲ್ಲದೆ ದೇಹಕ್ಕೆ ಕಾಯಿಲೆ ಬರಬೇಕು. ಅಮಿಗ್ಡಲಿನ್ ಕೊರತೆಯಿಂದ ನರಳಿದ ಒಬ್ಬ ಮನುಷ್ಯನೂ ವೈದ್ಯಶಾಸ್ತ್ರಕ್ಕೆ ಇದುವರೆಗೆ ಸಿಕ್ಕಿಲ್ಲ, ಸಿಕ್ಕವರೆಲ್ಲ ಹೆಚ್ಚಾದವರೇ. ಕ್ಯಾನ್ಸರ್ ಕೋಶದಲ್ಲಿ ಮಾತ್ರ ಇದು ಸಯನೈಡ್ ಬಿಡುತ್ತದೆ, ಒಳ್ಳೆಯ ಕೋಶಗಳಿಗೆ ಏನೂ ಮಾಡುವುದಿಲ್ಲ ಎಂಬುದು ಆ ಪಂಥದ ಸಿದ್ಧಾಂತ. ಗುರುತಿನ ಚೀಟಿ ಪರಿಶೀಲಿಸಿ ಕಚ್ಚುವ ಇಂಥ ಶಿಸ್ತಿನ ವಿಷ ಇದ್ದಿದ್ದರೆ ಚೆನ್ನಾಗಿಯೇ ಇತ್ತು. 1982ರಲ್ಲಿ ಪ್ರಕಟವಾದ, ಮೇಯೊ ಕ್ಲಿನಿಕ್ ನೇತೃತ್ವದ ಪರೀಕ್ಷೆಯಲ್ಲಿ 178 ಕ್ಯಾನ್ಸರ್ ರೋಗಿಗಳಿಗೆ ಅಮಿಗ್ಡಲಿನ್ ಕೊಟ್ಟು ನೋಡಲಾಯಿತು. ಗುಣವಾಗುವುದಿರಲಿ, ಲಕ್ಷಣಗಳ ಶಮನದಲ್ಲಾಗಲಿ ಆಯುಷ್ಯದಲ್ಲಾಗಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹಲವರ ದೇಹದಲ್ಲಿ ಸಯನೈಡ್ ವಿಷದ ಲಕ್ಷಣಗಳು ಮಾತ್ರ ಕಂಡವು.

ಕೆಲವು ಸರಕಾರಗಳಿಗೆ ಎಚ್ಚರವಾಗಿದೆ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ಹಸಿ ಏಪ್ರಿಕಾಟ್ ಬೀಜವನ್ನು ತಿನ್ನುವುದಕ್ಕೆ ಮಾರುವುದನ್ನೇ ನಿಷೇಧಿಸಿವೆ. ಯುರೋಪಿಯನ್ ಒಕ್ಕೂಟ 2017ರಲ್ಲಿ, ಗ್ರಾಹಕರಿಗೆ ಮಾರುವ ಬೀಜದಲ್ಲಿ ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಸಯನೈಡ್ ಇರಕೂಡದು ಎಂದು ಕಾನೂನು ಮಾಡಿತು. ನಾವು ಲೆಕ್ಕ ಹಾಕಿದ ಬೀಜದಲ್ಲಿ ಕಿಲೋಗೆ 3,000 ಮಿಲಿಗ್ರಾಂ ಇತ್ತು. ಭಕ್ತರು ಇದನ್ನು ಔಷಧ ಕಂಪನಿಗಳ ಪಿತೂರಿ ಎನ್ನುತ್ತಾರೆ. ಪಿತೂರಿಯ ಮೂಲಪುರುಷ ಏಪ್ರಿಕಾಟ್ ಮರವೇ ಇರಬೇಕು, ಕಹಿಯನ್ನು ಸೇರಿಸಿದ್ದು ಅದು.

ಇಷ್ಟಾದ ಮೇಲೂ ಯಾರಾದರೂ ಹಿಡಿಗಟ್ಟಲೆ ತಿಂದು ತಲೆ ಸುತ್ತಿ ಕುಸಿದರೆ, ವಾಂತಿ ಮಾಡಿಸುತ್ತ ಕೂರದೆ ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಬೇಕು, ತಿಂದದ್ದು ಏನೆಂದು ಮೊದಲೇ ಹೇಳಬೇಕು. ಅಲ್ಲಿ ವೈದ್ಯರು ರಕ್ತನಾಳಕ್ಕೆ ಕೊಡಬಹುದಾದ ಪ್ರತಿವಿಷಗಳಲ್ಲಿ ಒಂದರ ಹೆಸರು ಹೈಡ್ರಾಕ್ಸೊಕೊಬಾಲಮಿನ್. ಅದು ಸಯನೈಡನ್ನು ಅಪ್ಪಿ ಹಿಡಿದು ಸಯನೊಕೊಬಾಲಮಿನ್ ಆಗಿ ಮೂತ್ರದಲ್ಲಿ ಹೊರಹೋಗುತ್ತದೆ. ಎರಡೂ ವಿಟಮಿನ್ ಬಿ12ರ ರೂಪಗಳು. ಇದರ ಕೊರತೆಯಿಂದ ನಿಜವಾಗಿಯೂ ಕಾಯಿಲೆ ಬರುತ್ತದೆ.