ಮೂವತ್ತು ಪರ್ಸೆಂಟ್ ಬೋನಸ್ಸಿನ ಮಹಾಪ್ರಸಾದ

ಮತ್ತೆ ಬಂತು ಬ್ಯಾಂಕಿನ ಆ ಮೆಸೇಜು. ಕಾರ್ಡ್ ಉಜ್ಜಿ ಕೂಡಿಸಿದ ಪಾಯಿಂಟ್ಸ್ ಕೊಟ್ಟು ವಿಮಾನದ ಟಿಕೆಟ್ಟಿಗೆ ಆಗುವ ಏರ್‌ಲೈನ್ ಮೈಲ್ಸ್ ತಗೊಳ್ಳಿ, ಮೇಲೆ ಮೂವತ್ತು ಪರ್ಸೆಂಟ್ ಬೋನಸ್, ಭಾನುವಾರ ಮಧ್ಯರಾತ್ರಿವರೆಗೆ ಮಾತ್ರ. ಕ್ರೆಡಿಟ್ ಕಾರ್ಡ್ ಇಟ್ಟುಕೊಂಡವರಿಗೆಲ್ಲ ಬಂದೇ ಇರುತ್ತದೆ, ನಾನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಂಕಿನವರ ಔದಾರ್ಯ ನೋಡಿ ಕಣ್ಣು ತುಂಬಿ ಬಂತು. ತೋಟದ ಸಾಲ ಕೇಳಲು ಹೋದರೆ ಪಹಣಿ ತನ್ನಿ, ಜಾಮೀನು ತನ್ನಿ, ಆ ಫೋಟೋ ಹಳೇದಾಯ್ತು ಹೊಸದು ತನ್ನಿ ಅನ್ನುವವರು, ಇಲ್ಲಿ ಯಾರೂ ಕೇಳದೇ ಇದ್ದರೂ ರಾತ್ರಿ ಹತ್ತೂವರೆಗೆ ಎಬ್ಬಿಸಿ ಕೊಡುತ್ತಾರೆ.

ನಮ್ಮ ಭಾವನಿಗೂ ಬಂದಿತ್ತು. ಭಾವ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಗೊಬ್ಬರ, ಮೈಲುತುತ್ತ, ಸಿಮೆಂಟು, ಮೊಮ್ಮಗುವಿನ ತೊಟ್ಟಿಲು, ಎಲ್ಲವನ್ನೂ ಕಾರ್ಡಿನಲ್ಲೇ ಉಜ್ಜಿ 40,000 ಪಾಯಿಂಟ್ ಕೂಡಿಸಿದ್ದರು. ಅಕ್ಕ ಮಗಳ ಬಾಣಂತನಕ್ಕೆ ದುಬೈಗೆ ಹೋದವಳು ಅಲ್ಲೇ ಇದ್ದಾಳೆ, ಕರೆದುಕೊಂಡು ಬರಲು ಇವರು ಹೋಗಬೇಕು. ಮೆಸೇಜು ನೋಡಿದ್ದೇ ತಡ, ಎರಡು ಓಟಿಪಿ ಒತ್ತಿ ಅಷ್ಟೂ ಪಾಯಿಂಟನ್ನು ಏರ್‌ಲೈನಿಗೆ ಕಳಿಸಿಬಿಟ್ಟರು. ಆಮೇಲೆ ನನಗೆ ಫೋನು.

"ಫ್ರೀ ಟಿಕೆಟ್ ಆಯ್ತು ಮಾರಾಯ. ಸೋಗಾನೆಯಿಂದಲೇ ಹತ್ತಬಹುದಾ?"

ಇಲ್ಲ ಭಾವ. ಆ ಕಂಪನಿಯ ವಿಮಾನ ಸೋಗಾನೆಗೆ ಬರುವುದೇ ಇಲ್ಲ. ಸೋಗಾನೆಯಲ್ಲಿರುವ ನಮ್ಮ ಶಿವಮೊಗ್ಗದ ಕುವೆಂಪು ವಿಮಾನ ನಿಲ್ದಾಣಕ್ಕೆ 3.2 ಕಿಲೋಮೀಟರ್ ರನ್‌ವೇ ಇದೆ, ತಾವರೆ ಆಕಾರದ ಟರ್ಮಿನಲ್ ಇದೆ, 2023ರ ಫೆಬ್ರುವರಿಯಲ್ಲಿ ಪ್ರಧಾನಿಯೇ ಬಂದು ಉದ್ಘಾಟನೆ ಮಾಡಿದ್ದಾರೆ. ಆದರೆ ಭಾವನ ಮೈಲ್ಸ್ ಶುರುವಾಗುವುದು ದೇವನಹಳ್ಳಿಯಿಂದ. ಅಲ್ಲಿವರೆಗಿನ ದಾರಿ ಅವರವರ ಸ್ವಂತ ಖರ್ಚಿನದು. ಇಲ್ಲಿಂದ ಬೇರೆ ವಿಮಾನದ ಟಿಕೆಟ್ ತಗೊಂಡು ಹೋಗಿ ಅಲ್ಲಿ ಇದನ್ನು ಹಿಡಿಯುತ್ತೇನೆ ಅಂದರೆ, ಮಳೆಗಾಲದಲ್ಲಿ ಮೋಡ ಕವಿದು ಮೊದಲನೆಯದು ತಡವಾದರೆ ಎರಡನೆಯವನು ನಿಮ್ಮ ಮುಖ ನೋಡುವುದಿಲ್ಲ. ಎರಡೂ ಬೇರೆ ಬೇರೆ ಟಿಕೆಟ್, ಯಾರಿಗೂ ಜವಾಬ್ದಾರಿ ಇಲ್ಲ. ಹಿಂದಿನ ರಾತ್ರಿಯ ರೈಲೇ ವಾಸಿ.

ಇರಲಿ, ಲೆಕ್ಕಕ್ಕೆ ಬರೋಣ. ಎರಡು ಪಾಯಿಂಟಿಗೆ ಒಂದು ಮೈಲ್. 40,000 ಪಾಯಿಂಟ್ ಹೋಗಿ 20,000 ಮೈಲ್ಸ್ ಆಯಿತು. ಮೂವತ್ತು ಪರ್ಸೆಂಟ್ ಬೋನಸ್ ಸೇರಿ 26,000. ಕಳಿಸಿದ್ದಕ್ಕೆ ಬ್ಯಾಂಕು ಇನ್ನೂರು ರೂಪಾಯಿಯ ಹತ್ತಿರ ಶುಲ್ಕ, ಅದರ ಮೇಲೆ ಜಿಎಸ್‌ಟಿ ಹಿಡಿದುಕೊಂಡಿತು. ಪ್ರಸಾದಕ್ಕೂ ಕಾಣಿಕೆ ಬೇಕಲ್ಲ. ಬೆಂಗಳೂರಿನಿಂದ ದುಬೈಗೆ ಒಂದು ಕಡೆಯ ಸೀಟು 24,000 ಮೈಲ್ಸ್, ಜೊತೆಗೆ ತೆರಿಗೆ ಮತ್ತು ಇಂಧನದ ಹೆಸರಿನ ಸರ್‌ಚಾರ್ಜ್ ಅಂತ 6,200 ರೂಪಾಯಿ ನಗದು. ಫ್ರೀ ಟಿಕೆಟ್ಟಿಗೆ ಆರು ಸಾವಿರ ಯಾಕೆ ಅಂತ ಅಕ್ಕ ದುಬೈಯಿಂದ ಕೇಳಿದಳಂತೆ. ಇಡೀ ಪ್ರಕರಣದಲ್ಲಿ ಬುದ್ಧಿವಂತ ಪ್ರಶ್ನೆ ಬಂದಿದ್ದು ಅದೊಂದೇ.

ಅದೇ ದಿನ, ಅದೇ ವಿಮಾನ, ದುಡ್ಡು ಕೊಟ್ಟು ತಗೊಂಡರೆ 15,500 ರೂಪಾಯಿ. ಅಂದರೆ ಮೈಲ್ಸ್ ಉಳಿಸಿದ್ದು 15,500ರಲ್ಲಿ 6,200 ಕಳೆದು 9,300. ಅದಕ್ಕೆ ಹೋಗಿದ್ದು 40,000 ಪಾಯಿಂಟ್. ಭಾಗಿಸಿ ನೋಡಿ, ಪಾಯಿಂಟಿಗೆ 23 ಪೈಸೆ ಬಿತ್ತು.

ಇನ್ನು ತಮಾಷೆ ಕೇಳಿ. ಅದೇ ಬ್ಯಾಂಕಿನ ಟ್ರಾವೆಲ್ ಪೋರ್ಟಲ್ ಇದೆ. ಅಲ್ಲಿ ವಿಮಾನದ ಟಿಕೆಟ್ಟಿಗೆ ಒಂದು ಪಾಯಿಂಟಿಗೆ 50 ಪೈಸೆ ಲೆಕ್ಕ ಹಿಡಿಯುತ್ತಾರೆ. 31,000 ಪಾಯಿಂಟಿಗೆ ಇಡೀ ಟಿಕೆಟ್ ಬರುತ್ತಿತ್ತು, 9,000 ಪಾಯಿಂಟ್ ಮಿಗುತ್ತಿತ್ತು, ನಗದು ಒಂದು ಪೈಸೆಯೂ ಬೇಕಿರಲಿಲ್ಲ. ಪೋರ್ಟಲ್‌ನಲ್ಲಿ ರೇಟು ಇನ್ನೂರು ಮುನ್ನೂರು ಜಾಸ್ತಿ ತೋರಿಸುತ್ತಾರೆ ಅಂತಲೇ ಇಟ್ಟುಕೊಳ್ಳಿ, ಆಗಲೂ ಲಾಭವೇ. ಮೇಲಾಗಿ ಅಂಥ ಟಿಕೆಟ್ಟನ್ನು ಏರ್‌ಲೈನ್ ಸಾಮಾನ್ಯವಾಗಿ ದುಡ್ಡಿನ ಟಿಕೆಟ್ ಅಂತಲೇ ನೋಡುತ್ತದೆ, ಹಾರಿದ್ದಕ್ಕೆ ಒಂದಿಷ್ಟು ಮೈಲ್ಸ್ ಬರುತ್ತದೆ. ಮೈಲ್ಸ್ ಕೊಟ್ಟು ಹಾರಿದರೆ ಅದೂ ಇಲ್ಲ.

ಹಾಗಾದರೆ ಎಷ್ಟು ಬೋನಸ್ ಕೊಟ್ಟಿದ್ದರೆ ಸರಿಹೋಗುತ್ತಿತ್ತು? 9,300 ರೂಪಾಯಿ ಅಂದರೆ ಪೋರ್ಟಲ್ ಲೆಕ್ಕದಲ್ಲಿ 18,600 ಪಾಯಿಂಟ್. ಅದಕ್ಕಿಂತ ಜಾಸ್ತಿ ಕೊಟ್ಟರೆ ನಷ್ಟ. 18,600 ಪಾಯಿಂಟಿಗೆ ಬೋನಸ್ ಇಲ್ಲದೆ ಸಿಗುವುದು 9,300 ಮೈಲ್ಸ್. ಅದು 24,000 ಆಗಬೇಕಾದರೆ ಬೋನಸ್ 158 ಪರ್ಸೆಂಟ್ ಬೇಕು. ಅವರು ಕೊಟ್ಟಿದ್ದು ಮೂವತ್ತು. ಅದಕ್ಕೇ ಮೆಸೇಜಿನಲ್ಲಿ ಪಟಾಕಿ ಚಿತ್ರ ಹಾಕಿದ್ದರು.

ಈ ಭಾವನ ಬಗ್ಗೆ ನನಗೆ ಆಶ್ಚರ್ಯ ಏನೆಂದರೆ, ಶಿವಮೊಗ್ಗದ ಮಂಡಿಗೆ ಇವರು ಅಡಿಕೆ ತಂದ ದಿನ ನೋಡಬೇಕು. ರಾಶಿಯ ಚೀಲ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ. ಬೆಳಿಗ್ಗೆಯೇ ನಾಲ್ಕು ಜನಕ್ಕೆ ಫೋನ್ ಮಾಡಿ ರೇಟು ಕೇಳಿರುತ್ತಾರೆ. ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಕತ್ತರಿಯಲ್ಲಿ ಎರಡು ಹೋಳು ಮಾಡಿ, ಒಳಗಿನ ಬಣ್ಣ ನೋಡಿ ಮುಖ ಸಿಂಡರಿಸಿದರೆ ಇವರು ಅವನಿಗಿಂತ ಜಾಸ್ತಿ ಸಿಂಡರಿಸುತ್ತಾರೆ. ತೂಕದಲ್ಲಿ ಅರ್ಧ ಕೆಜಿ ಹೆಚ್ಚು ಹಿಡಿದರೆ ಜಗಳ. ಕ್ವಿಂಟಾಲಿಗೆ ಐನೂರು ಕಮ್ಮಿ ಅಂದರೆ ಚೀಲ ಹೊಲಿದು ವಾಪಸ್ ತಗೊಂಡು ಹೋಗುತ್ತಾರೆ, ಇನ್ನೆರಡು ತಿಂಗಳು ಅಟ್ಟದ ಮೇಲೆ ಇಡುತ್ತೇನೆ ಅನ್ನುತ್ತಾರೆ. ಒಂದು ಸಲ ಹಾಗೆ ಇಟ್ಟು ರೇಟು ಇನ್ನೂ ಬಿತ್ತು, ಅದು ಬೇರೆ ಕಥೆ, ಅದನ್ನು ಅವರ ಎದುರು ಎತ್ತುವ ಹಾಗಿಲ್ಲ. ಇಂಥ ಮನುಷ್ಯ 40,000 ಪಾಯಿಂಟನ್ನು ರೇಟೇ ಕೇಳದೆ ಕೊಟ್ಟುಬಿಟ್ಟರು! ಅಡಿಕೆಯಾದರೆ ಬೆಲೆ ಹೇಳುವವನು ಎದುರಿಗೆ ನಿಂತಿರುತ್ತಾನೆ, ಬೈಯಬಹುದು. ಇಲ್ಲಿ ಬೆಲೆ ಎಷ್ಟು ಅಂತ ಎಲ್ಲೂ ಬರೆದಿರುವುದೇ ಇಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಪಾಯಿಂಟ್, ಏರ್‌ಲೈನ್ ಆ್ಯಪ್‌ನಲ್ಲಿ ಮೈಲ್. ರೂಪಾಯಿ ಅನ್ನುವ ಶಬ್ದ ಸರ್‌ಚಾರ್ಜ್ ಕಟ್ಟುವಾಗ ಮಾತ್ರ ಬರುತ್ತದೆ.

ಕಳಿಸಿದ ಮೇಲೆ ವಾಪಸ್ ಬರುವುದಿಲ್ಲ ಅನ್ನುವುದೂ ಭಾವನಿಗೆ ಆಮೇಲೆ ಗೊತ್ತಾಯಿತು. ಅವರಿಗೆ ಬೇಕಾಗಿದ್ದ ದಿನ 24,000ದ ಸೀಟು ಇರಲೇ ಇಲ್ಲ. ಅದೇ ವಿಮಾನದಲ್ಲಿ ದುಡ್ಡಿಗೆ ಬೇಕಾದಷ್ಟು ಸೀಟಿತ್ತು, ಕಡಿಮೆ ಮೈಲ್ಸಿನ ಸೀಟು ಮಾತ್ರ ಮುಗಿದುಹೋಗಿತ್ತು. ಅಂಥವನ್ನು ಒಂದೊಂದು ವಿಮಾನಕ್ಕೆ ಕೆಲವೇ ಕೆಲವು ಬಿಟ್ಟಿರುತ್ತಾರೆ. ಮೂರು ದಿನ ಮುಂದೆ ಒಂದು ಸಿಕ್ಕಿತು. ಸಿಗದೇ ಇದ್ದರೆ? ಬ್ಯಾಂಕಿಗೆ ಫೋನ್ ಮಾಡಿದರೆ "ಸರ್, ಒಮ್ಮೆ ಟ್ರಾನ್ಸ್‌ಫರ್ ಆದರೆ ನಾವೇನೂ ಮಾಡಲು ಬರುವುದಿಲ್ಲ, ಏರ್‌ಲೈನಿಗೆ ಕೇಳಿ". ಏರ್‌ಲೈನಿಗೆ ಕೇಳಿದರೆ ಬ್ಯಾಂಕಿಗೆ ಕೇಳಿ. ಟಿಕೆಟ್ ರದ್ದು ಮಾಡಿದರೂ ಅಷ್ಟೇ, ದಂಡ ಹಿಡಿದು ಮೈಲ್ಸನ್ನು ನಿಮ್ಮ ಏರ್‌ಲೈನ್ ಖಾತೆಗೇ ವಾಪಸ್ ಹಾಕುತ್ತಾರೆ, ಬ್ಯಾಂಕಿನ ಪಾಯಿಂಟ್ ಆಗುವುದಿಲ್ಲ. ಹಾಗಾಗಿ ಮೊದಲು ಏರ್‌ಲೈನ್ ಖಾತೆಗೆ ಹೋಗಿ, ಆ ದಿನದ ಸೀಟು ಮೈಲ್ಸಿಗೆ ಇದೆಯಾ ನೋಡಿ, ತೆರಿಗೆ ಎಷ್ಟು ಅಂತ ಕೊನೆಯ ಪುಟದವರೆಗೆ ಹೋಗಿ ಓದಿ, ಆಮೇಲೆ ಕಳಿಸುವುದು. ಎರಡೂ ಕಡೆ ಹೆಸರು ಒಂದೇ ಥರ ಇರಬೇಕು. ನಮ್ಮ ಕಡೆ ಕಾರ್ಡಿನಲ್ಲಿ ಇನಿಷಿಯಲ್ ಮುಂದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಹಿಂದೆ, ಇದರಲ್ಲೇ ಎಷ್ಟೋ ಜನರದ್ದು ಸಿಕ್ಕಿಹಾಕಿಕೊಳ್ಳುತ್ತದೆ. ಮೈಲ್ಸ್ ತಲುಪಲು ಕೆಲವು ಕಡೆ ಕೆಲವು ನಿಮಿಷ, ಕೆಲವು ಕಡೆ ಕೆಲವು ದಿನ. ಅಷ್ಟರಲ್ಲಿ ಆ ಸೀಟು ಇನ್ಯಾರದೋ ಆಗಿರಬಹುದು.

ಯೂಟ್ಯೂಬಿನ ಪಂಡಿತರು ಇದನ್ನೆಲ್ಲ ಒಪ್ಪುವುದಿಲ್ಲ. ಅವರು ಬಿಸಿನೆಸ್ ಕ್ಲಾಸಿನವರು. ಒಂದೂವರೆ ಲಕ್ಷ ಮೀರಿದ ಸೀಟನ್ನು 70,000 ಪಾಯಿಂಟಿಗೆ ಹಿಡಿದೆ, ಪಾಯಿಂಟಿಗೆ ಎರಡು ರೂಪಾಯಿಯ ಮೇಲೆ ಬೆಲೆ ಬಂತು ಅಂತ ಕಾಲು ಚಾಚಿದ ಫೋಟೋ ಹಾಕುತ್ತಾರೆ. ಸ್ವಾಮಿ, ಆ ಸೀಟಿಗೆ ನೀವು ಕೈಯಿಂದ ಒಂದೂವರೆ ಲಕ್ಷ ಕೊಡುತ್ತಿದ್ರಾ? ಇಲ್ಲ ಅಲ್ವಾ. 30,000 ಕೊಟ್ಟು ಹಿಂದಿನ ಸೀಟಲ್ಲಿ ಕೂತು ಹೋಗುತ್ತಿದ್ರಿ. ಹಾಗಾದರೆ ಉಳಿದಿದ್ದು 30,000, ಅದರಲ್ಲಿ 20,000 ತೆರಿಗೆ ಅಂತ ಕಟ್ಟಿದ್ದೀರಿ. ಪಾಯಿಂಟಿಗೆ 14 ಪೈಸೆ, ಜೊತೆಗೆ ಒಂದು ರಾತ್ರಿಯ ನಿದ್ದೆ. ನಿದ್ದೆಗೆ ಬೆಲೆ ನೀವೇ ಕಟ್ಟಿಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಆದರೆ ಒಂದೂವರೆ ಲಕ್ಷ ಗಳಿಸಿದೆ ಅನ್ನಬೇಡಿ.

ಲಾಭ ಆಗುವುದೇ ಇಲ್ಲವೇ ಅಂದರೆ, ಆಗುತ್ತದೆ. ಭಾವನ ಅದೇ ಸೀಟು ರಜೆಯ ಸಮಯದಲ್ಲಿ, ಹೊರಡಲು ನಾಲ್ಕು ದಿನ ಇರುವಾಗ 38,000 ರೂಪಾಯಿ ಆಗಿದ್ದು ಮೈಲ್ಸ್ ಮಾತ್ರ 24,000ವೇ ಇದ್ದರೆ, ಪಾಯಿಂಟಿಗೆ ಸುಮಾರು 80 ಪೈಸೆ ಸಿಗುತ್ತದೆ. ಆಗ ಧಾರಾಳವಾಗಿ ಕಳಿಸಿ, ಬೋನಸ್ ಇದ್ದರೆ ಇನ್ನೂ ಒಳ್ಳೆಯದು. ಆದರೆ ಈಗ ಎಷ್ಟೋ ಏರ್‌ಲೈನುಗಳು ನಗದು ಬೆಲೆ ಏರಿದ ಹಾಗೆ ಮೈಲ್ಸನ್ನೂ ಏರಿಸುತ್ತವೆ. ಆ ಸಂದಿಯನ್ನೂ ಮುಚ್ಚುತ್ತಾ ಬಂದಿದ್ದಾರೆ.

ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಭಾವ ಕಾರ್ಡ್ ತಗೊಂಡಾಗ ಒಂದು ಪಾಯಿಂಟಿಗೆ ಒಂದು ಮೈಲ್ ಇತ್ತು. ಅದನ್ನು ನೋಡಿಯೇ ತಗೊಂಡಿದ್ದು. ಒಂದು ದಿನ, ಯಾರೂ ಓದದ ಒಂದು ಇಮೇಲಿನ ಕೆಳಗೆ, ಎರಡಕ್ಕೆ ಒಂದು ಮಾಡಿದರು. ಆಗಲೇ ಕೂಡಿಟ್ಟಿದ್ದ ಪಾಯಿಂಟಿಗೂ ಅದೇ. ಮೂವತ್ತು ಪರ್ಸೆಂಟ್ ಬೋನಸ್ ಸೇರಿಸಿದರೂ ಒಂದು ಪಾಯಿಂಟಿಗೆ 0.65 ಮೈಲ್. ಅಂದರೆ ಅರ್ಧ ಕಿತ್ತುಕೊಂಡು, ಅದರಲ್ಲಿ ಚೂರು ವಾಪಸ್ ಕೊಟ್ಟು, ಅದಕ್ಕೆ ಹಬ್ಬದ ಕೊಡುಗೆ ಅಂತ ಹೆಸರಿಟ್ಟು, ಕೊನೆಯ ದಿನಾಂಕ ಬೇರೆ ಹಾಕಿ ಹೆದರಿಸುತ್ತಾರೆ. ಗ್ರಾಹಕ ಒಂದು ದಿನ ತಡವಾಗಿ ಬಿಲ್ ಕಟ್ಟಿದರೆ ದಂಡ ಹಾಕುವವರು, ತಾವು ಕೊಟ್ಟ ಮಾತನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು ಅಂತ ನಿಯಮದಲ್ಲೇ ಬರೆದಿಟ್ಟುಕೊಂಡಿರುತ್ತಾರೆ. ಇದಕ್ಕೆ ಲೆಕ್ಕಾಚಾರ ಬೇರೆ ನಾವು ಕಲಿಯಬೇಕು. ಸಾಕಾಗಿದೆ.

ಭಾವನ ಖಾತೆಯಲ್ಲಿ ಇನ್ನೂ 2,000 ಮೈಲ್ಸ್ ಮಿಕ್ಕಿದೆ. ಅದರಲ್ಲಿ ಯಾವ ಊರಿಗೂ ಹೋಗಲು ಬರುವುದಿಲ್ಲ, ಅವಧಿ ಮುಗಿದರೆ ತಾನಾಗಿಯೇ ಹೋಗುತ್ತದೆ. ಮೊನ್ನೆ ದುರ್ಗಿಗುಡಿಯಲ್ಲಿ ಸಿಕ್ಕಿದಾಗ ಫೋನ್ ತೋರಿಸಿದರು. ಏರ್‌ಲೈನಿನವರು ಮೇಲ್ ಕಳಿಸಿದ್ದಾರೆ: ಉಳಿದ 22,000 ಮೈಲ್ಸ್ ದುಡ್ಡು ಕೊಟ್ಟು ಕೊಂಡರೆ ಇನ್ನೊಂದು ಟಿಕೆಟ್, ಈಗ ಕೊಂಡರೆ ನಲವತ್ತು ಪರ್ಸೆಂಟ್ ಬೋನಸ್.

"ಎಂತ ಮಾರಾಯ, ಇದು ಮೊದಲಿನದಕ್ಕಿಂತ ಹತ್ತು ಪರ್ಸೆಂಟ್ ಜಾಸ್ತಿ ಅಲ್ವಾ?" ಅಂದರು ಭಾವ, ಆಗಲೇ ಅಂಗಿ ಜೇಬಿನಿಂದ ಕಾರ್ಡ್ ಹೊರಗೆ ಬಂದಿತ್ತು.