ಹೆಬ್ಬೆರಳ ಕೆಳಗಿನ ಕೋಟಿ

ಬಂತು ನೋಡಿ, ಮತ್ತೊಂದು ಫೋಟೊ. ವಾರೆಯಾಗಿ ಹಿಡಿದ ಫೋನು, ಅರ್ಧ ಹಾಳೆಯ ಮೇಲೆ ಟ್ಯೂಬ್‌ಲೈಟಿನ ಬಿಳಿ ಹೊಳಪು, ಕೆಳಗಿನ ಎಡಮೂಲೆಯಲ್ಲಿ ಹಾಳೆ ಹಿಡಿದವರ ಹೆಬ್ಬೆರಳು. ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಒಂದೂವರೆ ಕೋಟಿ. ಜೊತೆಗೆ ಕುಟುಂಬದ ವಾಟ್ಸಾಪ್ ಗುಂಪಿಗೊಂದು ಸಾಲು: "ಟರ್ಮ್ ಇನ್ಶೂರೆನ್ಸ್ ಅಂತೆ, ಏಜೆಂಟರು ಕಳಿಸಿದ್ದಾರೆ, ಯಾರಾದ್ರೂ ನೋಡಿ ಹೇಳಿ." ಐದು ನಿಮಿಷದಲ್ಲಿ ಹನ್ನೊಂದು ಹೆಬ್ಬೆರಳು ಎದ್ದು ನಿಂತವು. ಫೋಟೊದೊಳಗಿನದು ಹನ್ನೆರಡನೆಯದು.

ಯಾವ ವರ್ಷ ಎಷ್ಟು ಕಟ್ಟಬೇಕು, ಎಷ್ಟು ಬರುತ್ತದೆ ಎಂದು ಸಾಲುಸಾಲಾಗಿ ತೋರಿಸುವ ಆ ಹಾಳೆಯ ಹೆಸರು ಬೆನಿಫಿಟ್ ಇಲಸ್ಟ್ರೇಷನ್. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಇದಕ್ಕೊಂದು ನಮೂನೆ ಮಾಡಿಕೊಟ್ಟಿದೆ. ಹಾಳೆಯ ತುದಿಯಲ್ಲಿ ಎರಡು ಸಹಿಗೆ ಜಾಗ ಇರುತ್ತದೆ. ಒಂದು ಕಡೆ ಏಜೆಂಟರು "ಪ್ರೀಮಿಯಂ, ಪ್ರಯೋಜನ ಎಲ್ಲವನ್ನೂ ಗಿರಾಕಿಗೆ ಪೂರ್ತಿ ವಿವರಿಸಿದ್ದೇನೆ" ಎಂದು ಸಹಿ ಹಾಕಬೇಕು, ಇನ್ನೊಂದು ಕಡೆ ಗಿರಾಕಿ "ಅರ್ಥ ಮಾಡಿಕೊಂಡಿದ್ದೇನೆ" ಎಂದು ಹಾಕಬೇಕು. ಎಷ್ಟು ಚೆಂದದ ವ್ಯವಸ್ಥೆ! ಫೋಟೊ ತೆಗೆದ ಪುಣ್ಯಾತ್ಮರು ಆ ಎರಡು ಸಹಿಯನ್ನೂ ಅವುಗಳ ಮೇಲಿನ ಟಿಪ್ಪಣಿಗಳನ್ನೂ ಬಿಟ್ಟು ಮಿಕ್ಕದ್ದನ್ನೆಲ್ಲ ತೆಗೆದಿದ್ದಾರೆ. ಕೋಟಿ ಕಾಣುತ್ತದಲ್ಲ, ಸಾಕು.

ಕಾಣುವುದನ್ನೇ ಓದೋಣ. ಈ ಹಾಳೆಯ ಮಟ್ಟಿಗೆ ಲೆಕ್ಕ ಹೀಗಿದೆ ಅಂದುಕೊಳ್ಳಿ. ವಯಸ್ಸು 35, ತಂಬಾಕು ಇಲ್ಲ, ಪಾಲಿಸಿ ಅವಧಿ 40 ವರ್ಷ, ಪ್ರೀಮಿಯಂ ಕಟ್ಟುವ ಅವಧಿಯೂ 40 ವರ್ಷ. ವರ್ಷಕ್ಕೆ 21,000 ರೂಪಾಯಿ. ಕವರ್ ಒಂದೂವರೆ ಕೋಟಿ.

ಆದರೆ ಒಂದೂವರೆ ಕೋಟಿ ಎಂಬ ಒಂದು ಸಂಖ್ಯೆ ಆ ಪಾಲಿಸಿಯಲ್ಲಿ ಎಲ್ಲೂ ಇಲ್ಲ. ಅಲ್ಲಿರುವುದು ಎರಡು ಸಂಖ್ಯೆ. ಮೂಲ ಪಾಲಿಸಿಯ ಸಮ್ ಅಶ್ಯೂರ್ಡ್, ಅಂದರೆ ಸತ್ತರೆ ಮನೆಯವರಿಗೆ ಬರುವ ಮೊತ್ತ, 1 ಕೋಟಿ, ಅದರ ಪ್ರೀಮಿಯಂ 18,000. ಅಪಘಾತದಲ್ಲಿ ಸತ್ತರೆ ಮಾತ್ರ ಸಿಗುವಂತೆ ಅದಕ್ಕೆ ಅಂಟಿಸಿದ ಹೆಚ್ಚುವರಿ ಕವರ್, ಅಂದರೆ ರೈಡರ್, 50 ಲಕ್ಷ, ಅದರ ಪ್ರೀಮಿಯಂ 3,000. ಎರಡನ್ನೂ ಕೂಡಿಸಿ ಮೇಲೆ ಬರೆದವರು ಗಣಿತದಲ್ಲಿ ತಪ್ಪು ಮಾಡಿಲ್ಲ, ಕೂಡಬಾರದ್ದನ್ನು ಕೂಡಿದ್ದಾರೆ, ಅಷ್ಟೇ. ಈ ಎರಡಕ್ಕೂ ಅವಧಿ ಬೇರೆ, ಹಣ ಕೊಡದ ಕಾರಣಗಳೂ ಬೇರೆ. ಈ ಹಾಳೆಯಲ್ಲೇ ನೋಡಿ, ರೈಡರಿನ ಅವಧಿ 35 ವರ್ಷ. ಅಂದರೆ 70 ತುಂಬಿದ ದಿನ ಆ 50 ಲಕ್ಷ ಎದ್ದು ಹೋಗುತ್ತದೆ. ಅದನ್ನು ಬರೆದ ಸಾಲು ಹೆಬ್ಬೆರಳಿನ ಉಗುರಿನ ಕೆಳಗೆ ಬರುತ್ತದೆ.

ಇನ್ನು ಆ 1 ಕೋಟಿ. ಸಾವಿನ ಪ್ರಯೋಜನ ಎಂಬಲ್ಲಿ ಒಂದು ಭಾರಿ ವಾಕ್ಯ ಇರುತ್ತದೆ: ಸಮ್ ಅಶ್ಯೂರ್ಡ್, ವಾರ್ಷಿಕ ಪ್ರೀಮಿಯಂನ ಹತ್ತು ಪಟ್ಟು, ಅದುವರೆಗೆ ಕಟ್ಟಿದ ಪ್ರೀಮಿಯಂನ ಶೇ 105, ಈ ಮೂರರಲ್ಲಿ ಯಾವುದು ಹೆಚ್ಚೋ ಅದು. ಇದನ್ನು ಏಜೆಂಟರು ಓದುವ ಗತ್ತು ನೋಡಬೇಕು, ಮೂರು ಪೈಲ್ವಾನರ ಕುಸ್ತಿ ಇದ್ದ ಹಾಗೆ. ಅಖಾಡಕ್ಕಿಳಿಸಿ ನೋಡಿ. ಹತ್ತು ಪಟ್ಟು ಎಂದರೆ 1 ಲಕ್ಷ 80 ಸಾವಿರ. ನಲವತ್ತನೇ ವರ್ಷ ಮುಗಿಯುವಾಗ ಶೇ 105 ಎಂದರೆ 7 ಲಕ್ಷ 56 ಸಾವಿರ. ಎದುರಿಗೆ ನಿಂತದ್ದು 1 ಕೋಟಿ. ಆ ವಾಕ್ಯ ಇರುವುದು ನಿಯಮ ಕೇಳುತ್ತದೆ ಎಂದು. ಟರ್ಮ್ ಪಾಲಿಸಿಯಲ್ಲಿ ಅದರಿಂದ ಒಂದು ರೂಪಾಯಿಯೂ ಹೆಚ್ಚಾಗದು.

ಬದಲಾಗುವುದು ರೂಪಾಯಿಯೇ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ, ನಲವತ್ತು ವರ್ಷದ ಬಳಿಕ ಬರುವ 1 ಕೋಟಿಗೆ ಇವತ್ತಿನ 9 ಲಕ್ಷ 70 ಸಾವಿರದಷ್ಟೇ ಶಕ್ತಿ. ಹಾಗಿದ್ದೂ 75ರವರೆಗೆ ಅವಧಿ ಎಳೆಯುವುದೇಕೆ? 60ಕ್ಕೆ ದುಡಿಮೆ ನಿಂತು, ಸಾಲ ತೀರಿ, ಮಕ್ಕಳು ತಮ್ಮ ಕಾಲ ಮೇಲೆ ನಿಂತ ಮೇಲೆ, ಸತ್ತರೆ ಯಾರ ಆದಾಯ ನಿಲ್ಲುತ್ತದೆ ಎಂದು ಕೇಳಿ. ಉತ್ತರ ಬರುವುದಿಲ್ಲ, "ಲಾಂಗ್ ಕವರ್ ಸಾರ್" ಎಂಬ ಮಂತ್ರ ಬರುತ್ತದೆ. ಅವಧಿ ಉದ್ದವಾದಷ್ಟೂ ಸಾವಿನ ಸಂಭವ ಹೆಚ್ಚು, ಹಾಗಾಗಿ ಮೊದಲ ವರ್ಷದಿಂದಲೇ ಪ್ರೀಮಿಯಂ ಹೆಚ್ಚು. 75ನೇ ವಯಸ್ಸಿನ ಅಪಾಯಕ್ಕೆ ಮುಂಗಡ ಕಟ್ಟಲು ಶುರು ಮಾಡುವುದು 35ರಲ್ಲೇ.

ಗುಂಪಿನಲ್ಲಿ ಒಬ್ಬ ಮಾವನವರು ಕೋಷ್ಟಕ ದೊಡ್ಡದು ಮಾಡಿ ನೋಡಿ, ಸಿಟ್ಟಾಗಿದ್ದಾರೆ. ಮೆಚ್ಯೂರಿಟಿ ಕಾಲಮಿನಲ್ಲಿ ನಲವತ್ತೂ ಸಾಲಿಗೆ ಸೊನ್ನೆ! ಕಟ್ಟಿದ್ದು ಗಂಗೆಗೋ? ಹೌದು, ಬದುಕಿದರೆ ಏನೂ ಇಲ್ಲ. ಅದಕ್ಕೇ ಟರ್ಮ್ ವಿಮೆ ಅಗ್ಗ. ಆ ಸೊನ್ನೆ ಇಡೀ ಹಾಳೆಯ ಅತ್ಯಂತ ಪ್ರಾಮಾಣಿಕ ಅಂಕಿ, ಪಾಪ, ಬೈಗುಳವೆಲ್ಲ ಅದಕ್ಕೇ. ಈ ಸಿಟ್ಟಿಗೆ ಮದ್ದು ಏಜೆಂಟರ ಚೀಲದಲ್ಲಿ ಸಿದ್ಧವಿದೆ. ಎರಡನೇ ಫೋಟೊ ಬರುತ್ತದೆ: ರಿಟರ್ನ್ ಆಫ್ ಪ್ರೀಮಿಯಂ, ಕಟ್ಟಿದ್ದೆಲ್ಲ ವಾಪಸ್. ಅದೇ 1 ಕೋಟಿಗೆ ಅದರಲ್ಲಿ ವರ್ಷಕ್ಕೆ 36,000 ಎಂದಿದ್ದರೆ, ನಲವತ್ತು ವರ್ಷ ಕಟ್ಟಿ ಬದುಕುಳಿದವರಿಗೆ 14 ಲಕ್ಷ 40 ಸಾವಿರ ವಾಪಸ್. ಮಾವನವರಿಗೆ ಖುಷಿ. ಆದರೆ ಹೆಚ್ಚುವರಿ ಕಟ್ಟಿದ್ದು ವರ್ಷಕ್ಕೆ 18,000. ಅದನ್ನೇ ಶೇ 6 ಬಡ್ಡಿ ಬರುವ ಕಡೆ ಇಟ್ಟಿದ್ದರೆ ಸುಮಾರು 29 ಲಕ್ಷ 50 ಸಾವಿರ ಆಗುತ್ತಿತ್ತು. ವಾಪಸ್ ಬಂದ ಹಣ ಗಳಿಸಿದ ಬಡ್ಡಿ ಹೆಚ್ಚುಕಡಿಮೆ ಶೇ 3. ಮಾವನವರ ದುಡ್ಡಿನಿಂದಲೇ ಮಾವನವರ ಮೂಗಿಗೆ ತುಪ್ಪ ಸವರಿ, ಉಳಿದ ತುಪ್ಪ ಯಾರು ತಿಂದರು ಎಂದು ಹೇಳದೇ ಇರುವುದಕ್ಕೆ ಗ್ಯಾರಂಟಿ ಎನ್ನುತ್ತಾರೆ. ರೈಡರಿಗೆ ಕಟ್ಟಿದ್ದು ಸಾಮಾನ್ಯವಾಗಿ ಆ "ಎಲ್ಲ"ದೊಳಗೆ ಸೇರುವುದೂ ಇಲ್ಲ.

ಪ್ರೀಮಿಯಂಗೆ ಬರೋಣ. ಕೋಷ್ಟಕದ ಕಾಲಮಿನಲ್ಲಿ 18,000 ಇದೆ, ಬ್ಯಾಂಕಿನಿಂದ ಹೋಗುವುದು ಬೇರೆ. ಹಾಳೆಯ ಅಡಿಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಒಂದು ಟಿಪ್ಪಣಿ ಇರುತ್ತದೆ: ಈ ವಾರ್ಷಿಕ ಪ್ರೀಮಿಯಂನಲ್ಲಿ ರೈಡರಿನ ಹಣ, ತೆರಿಗೆ, ಕಂತಿನ ಹೆಚ್ಚುವರಿ, ವೈದ್ಯಕೀಯ ತಪಾಸಣೆಯ ನಂತರ ಹಾಕುವ ಹೆಚ್ಚುವರಿ ಯಾವುದೂ ಸೇರಿಲ್ಲ. ಅಂದಮೇಲೆ ನೋಡಬೇಕಾದದ್ದು ಕೋಷ್ಟಕವನ್ನಲ್ಲ, ಮೇಲಿನ ಚೌಕದ "ಕಂತಿನ ಪ್ರೀಮಿಯಂ" ಸಾಲನ್ನು. ಅಲ್ಲಿ ಶೇ 18 ಜಿಎಸ್‌ಟಿ ಕಂಡರೆ ಹಾಳೆ ಹಳೆಯದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಗೆ ಜಿಎಸ್‌ಟಿ ಇಲ್ಲ. ಹಳೆಯ ಫೋಟೊವನ್ನೇ ಫಾರ್ವರ್ಡ್ ಮಾಡಿದ ಮಹನೀಯರು ನಮ್ಮ ಗುಂಪುಗಳಲ್ಲಿ ಬೇಕಾದಷ್ಟಿದ್ದಾರೆ.

"ದಿನಕ್ಕೆ ಬರೀ ಅರವತ್ತು ರೂಪಾಯಿ!" ಇದು ತಿಂಗಳ ಕಂತಿನ ಪದ್ಯ. ವರ್ಷದ 21,000ದ ಶೇ 8.75ನ್ನು ಒಂದು ತಿಂಗಳ ಕಂತು ಎಂದು ಹಿಡಿದರೆ 1,838. ಹನ್ನೆರಡರಿಂದ ಗುಣಿಸಿದರೆ 22,056. ಸಾವಿರದ ಐವತ್ತಾರು ಹೆಚ್ಚು ಹೋದದ್ದು ದೊಡ್ಡ ಮಾತಲ್ಲ. ದೊಡ್ಡ ಮಾತು ಬೇರೆ ಇದೆ. ಗಡುವು ದಾಟಿದ ಮೇಲೂ ಕಟ್ಟಲು ಸಿಗುವ ಗ್ರೇಸ್ ಅವಧಿ ತಿಂಗಳ ಕಂತಿಗೆ 15 ದಿನ ಮಾತ್ರ, ವರ್ಷದ ಕಂತಿಗೆ 30. ನಲವತ್ತು ವರ್ಷದಲ್ಲಿ 480 ಸಲ ಆ ಖಾತೆಯಿಂದ ಹಣ ತಪ್ಪದೆ ಹೋಗಬೇಕು. ಕೆಲಸ ಬದಲಾಗಿ ಸಂಬಳದ ಖಾತೆ ಬದಲಾಯಿತು, ಹಳೆಯ ಖಾತೆಯಲ್ಲಿ ಬ್ಯಾಲೆನ್ಸ್ ಇಲ್ಲ, ಎಸ್‌ಎಂಎಸ್ ಹೋದದ್ದು ಬಿಟ್ಟ ನಂಬರಿಗೆ. ಹದಿನಾರನೇ ದಿನ ಪಾಲಿಸಿ ಲ್ಯಾಪ್ಸ್, ಕವರ್ ಸೊನ್ನೆ. ಐದು ವರ್ಷದೊಳಗೆ ಬಾಕಿ ಕಟ್ಟಿ, ಆರೋಗ್ಯದ ಘೋಷಣೆ ಕೊಟ್ಟು, ಕಂಪನಿ ಒಪ್ಪಿದರೆ ಮತ್ತೆ ಜೀವ ಬರುತ್ತದೆ. ಆದರೆ ಗಡಿಯಾರಗಳೆಲ್ಲ ಹಿಂದಕ್ಕೆ ತಿರುಗಿರುತ್ತವೆ.

ಯಾವ ಗಡಿಯಾರ? ಮೂಲ ಟರ್ಮ್ ಪಾಲಿಸಿಯಲ್ಲಿ ಎಕ್ಸ್‌ಕ್ಲೂಷನ್, ಅಂದರೆ ಹಣ ಕೊಡದಿರುವ ಕಾರಣ, ಎನ್ನುವುದು ಸಾಮಾನ್ಯವಾಗಿ ಒಂದೇ: ಆತ್ಮಹತ್ಯೆ, ಅದೂ ರಿಸ್ಕ್ ಶುರುವಾದ ಅಥವಾ ಲ್ಯಾಪ್ಸ್ ಆಗಿ ಮತ್ತೆ ಜೀವ ಬಂದ ದಿನದಿಂದ 12 ತಿಂಗಳೊಳಗೆ. ಆಗಲೂ ಕಟ್ಟಿದ ಪ್ರೀಮಿಯಂನ ಶೇ 80ರಷ್ಟಾದರೂ ಹಿಂತಿರುಗಿಸಬೇಕು. ಹೃದಯಾಘಾತ, ಕ್ಯಾನ್ಸರ್, ಅಪಘಾತ, ಯಾವ ಸಾವಾದರೂ 1 ಕೋಟಿ ಬರಬೇಕು. ಕುಡಿದು ಗಾಡಿ ಓಡಿಸಿ ಸತ್ತರೂ ಮೂಲ ಪಾಲಿಸಿ ಕೊಡುತ್ತದೆ. ಉದ್ದನೆಯ ಪಟ್ಟಿ ಇರುವುದು ಆ 50 ಲಕ್ಷದ ರೈಡರಿಗೆ: ಮದ್ಯ, ಮಾದಕವಸ್ತು, ಅಪರಾಧ ಕೃತ್ಯ, ಯುದ್ಧ, ಸಾಹಸಕ್ರೀಡೆ. ಅಪಘಾತವಾಗಿ ಸಾಮಾನ್ಯವಾಗಿ 180 ದಿನದೊಳಗೆ ಸಾವು ಆಗಿರಬೇಕು. ಸ್ಟೀರಿಂಗ್ ಹಿಡಿದಾಗಲೇ ಹೃದಯ ನಿಂತರೆ ಅದು ರೈಡರಿನ ಲೆಕ್ಕದಲ್ಲಿ ಅಪಘಾತವೇ ಅಲ್ಲ, ಹೊರಗಿನ ಪೆಟ್ಟಿನಿಂದಲೇ ಸತ್ತಿರಬೇಕು. ಗುಂಪಿನಲ್ಲಿ ಇದು ತಿರುಗುಮುರುಗಾಗಿ ಹರಡುತ್ತದೆ. "ಕುಡಿದಿದ್ರೆ ಕ್ಲೇಮೇ ಇಲ್ವಂತೆ" ಎಂದು ಯಾರೋ ಬರೆಯುತ್ತಾರೆ, ಕೋಟಿ ಬರಬೇಕಾದ ಮನೆಯವರು ಅರ್ಜಿಯನ್ನೇ ಹಾಕದೆ ಕೂರುತ್ತಾರೆ.

ಆದರೆ ಎಕ್ಸ್‌ಕ್ಲೂಷನ್ ಪಟ್ಟಿಯಲ್ಲಿ ಇಲ್ಲದ, ಕ್ಲೇಮನ್ನು ಮುಳುಗಿಸುವ ಸಂಗತಿ ಹಾಳೆಯ ಮೇಲ್ಗಡೆಯೇ ಕೂತಿದೆ. ಎರಡೇ ಪದ: "ತಂಬಾಕು: ಇಲ್ಲ." ಬಾಯಲ್ಲಿ ಗುಟ್ಕಾ ಇಟ್ಟುಕೊಂಡೇ ಫೋಟೊ ಕಳಿಸಿದ್ದಾರೆ, ಹಾಳೆಯಲ್ಲಿ ಇಲ್ಲ. ಹೊಗೆಸೊಪ್ಪೂ ತಂಬಾಕೇ. ಆ "ಇಲ್ಲ" ಬಿದ್ದದ್ದರಿಂದಲೇ ಪ್ರೀಮಿಯಂ ಇಷ್ಟು ಕಡಿಮೆ ಕಂಡದ್ದು. ಇನ್ನು ಪ್ರಸ್ತಾವನೆ ಅರ್ಜಿ ತುಂಬುವುದೂ ಏಜೆಂಟರೇ. ಸಕ್ಕರೆ ಕಾಯಿಲೆ? ಇಲ್ಲ. ಬಿಪಿ? ಇಲ್ಲ. ಹಳೆಯ ಪಾಲಿಸಿ? ಇಲ್ಲ. "ನೀವು ಓಟಿಪಿ ಹೇಳಿ ಸಾರ್, ಮಿಕ್ಕದ್ದು ನಾನು ನೋಡ್ಕೋತೀನಿ." ನೋಡಿಕೊಳ್ಳುವುದು ಕಮಿಷನ್ ಬರುವವರೆಗೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಎರಡನೇ ವರ್ಷ ಮನುಷ್ಯ ಸತ್ತರೆ ಹೆಂಡತಿ ಆಸ್ಪತ್ರೆಯ ಹಳೆಯ ಚೀಟಿಗಳನ್ನು ಕಂಪನಿಯ ಮುಂದೆ ಒಂದೊಂದಾಗಿ ಇಡಬೇಕು, "ಐದು ವರ್ಷದಿಂದ ಶುಗರ್ ಇದೆ" ಎಂದು ಡಾಕ್ಟರು ಬರೆದ ಒಂದು ಸಾಲಿಗೆ ಉತ್ತರ ಕೊಡಬೇಕು. ಆ "ಇಲ್ಲ" ಒತ್ತಿದವರು ಆ ಹೊತ್ತಿಗೆ ಫೋನು ಎತ್ತುವುದಿಲ್ಲ. ಟಿಕ್ಕು ಹಾಕಿದ ಕೈ ಯಾರದೇ ಆಗಲಿ, ಸಹಿ ಸತ್ತವರದು.

1938ರ ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಈ ಬಗೆಯ ತಕರಾರು ಎತ್ತುವಂತಿಲ್ಲ, ವಂಚನೆಯ ಕಾರಣಕ್ಕೂ ಇಲ್ಲ. ಮೂರು ವರ್ಷದೊಳಗೆ ಎತ್ತಬಹುದು. ಲ್ಯಾಪ್ಸ್ ಆಗಿ ಮರುಜೀವ ಪಡೆದರೆ ಆ ಮೂರು ವರ್ಷ ಮತ್ತೆ ಒಂದನೇ ದಿನದಿಂದ. ಆ ದಿನಕ್ಕೆ ಅರವತ್ತು ರೂಪಾಯಿಯ ಪದ್ಯ ನೆನಪಿದೆಯಲ್ಲ? ಹನ್ನೆರಡನೇ ವರ್ಷ ತಪ್ಪಿದ ಒಂದು ಕಂತು ಗಟ್ಟಿಯಾಗಿದ್ದ ಪಾಲಿಸಿಯನ್ನು ಮತ್ತೆ ಎಳೆಗೂಸು ಮಾಡುತ್ತದೆ.

ಪಾಲಿಸಿ ಕೈಗೆ ಬಂದ ಮೇಲೆ ಓದಿ ವಾಪಸ್ ಕೊಡಲು 30 ದಿನ ಇದೆ. ಕಳೆದ ದಿನಗಳ ರಿಸ್ಕ್ ಪ್ರೀಮಿಯಂ, ತಪಾಸಣೆ, ಸ್ಟಾಂಪಿನ ಖರ್ಚು ಹಿಡಿದು ಮಿಕ್ಕದ್ದು ಕೊಡುತ್ತಾರೆ. ಪಾಲಿಸಿ ಜೊತೆಗೆ ಬರುವ ಅರ್ಜಿಯ ನಕಲು ತೆಗೆದು ಆ "ಇಲ್ಲ"ಗಳನ್ನು ಒಂದೊಂದಾಗಿ ನೋಡಬೇಕಾದ್ದು ಆ ದಿನಗಳಲ್ಲಿ. ತಪ್ಪಿದ್ದರೆ ಕಂಪನಿಗೆ ಬರೆದು ತಿದ್ದಿಸಬೇಕು, ಪ್ರೀಮಿಯಂ ಹೆಚ್ಚಾದರೂ ಸರಿ.

ಅಷ್ಟು ಹೊತ್ತಿಗೆ ಗುಂಪಿನಲ್ಲಿ ಒಬ್ಬರು ಬುದ್ಧಿವಂತರು ಕೇಳಿಯೇಬಿಟ್ಟರು: "ಫೋಟೊ ಬೇಡ, ಎಲ್ಲ ಪುಟ ಇರೋ ಪಿಡಿಎಫ್ ತರಿಸಿ." ತರಿಸಿದರು. ತೆರೆದರೆ ಒಂದೇ ಪುಟ. ಅದೇ ಟ್ಯೂಬ್‌ಲೈಟು, ಅದೇ ಹೆಬ್ಬೆರಳು.